ಗೂಗಲ್ ಅರ್ಥ್ ಪ್ರೊ: ಮನೆ ಯಾವ ವರ್ಷದ್ದು ಎಂದು ನೋಡುವಾಗ ತಾರೀಖಿನ ಮೇಲೆ ಕಣ್ಣಿರಲಿ

ಪುಣೆಯ ಅಂಚಿನಲ್ಲಿ, ನರ್ಹೆ, ವಾಘೋಲಿ ಕಡೆ, ಎರಡು ಗುಂಟೆ ಜಾಗದಲ್ಲಿ ಕಟ್ಟಿದ ಮನೆ ಕೊಳ್ಳಲು ಹೊರಟ ನಮ್ಮ ಕನ್ನಡದವರಿಗೆ ದೊಡ್ಡ ತಲೆನೋವು ಒಂದೇ: ಈ ಮನೆ 2020ರ ಒಳಗೆ ಇತ್ತೋ ಇಲ್ಲವೋ? ತುಂಡು ಜಾಗಗಳಲ್ಲಿ ಎದ್ದ ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡುವ ಗುಂಠೇವಾರಿ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ 2020ರ ಡಿಸೆಂಬರ್ 31ರ ಗಡಿ ಹಾಕಿದೆ. ಅದರಾಚೆ ಎದ್ದ ಕಟ್ಟಡಕ್ಕೆ ಆ ದಾರಿಯಲ್ಲಿ ಸಕ್ರಮ ಸಿಗುವುದಿಲ್ಲ. ಮಾರುವವರು "ಹಳೇ ಬಾಂಧಕಾಮ, 2018ರದ್ದು" ಅನ್ನುತ್ತಾರೆ. ಸಾತ್‌ಬಾರಾ ಉತಾರಾ ಜಮೀನು ಯಾರ ಹೆಸರಲ್ಲಿದೆ ಎಂದು ಹೇಳುತ್ತದೆ, ಸ್ಲ್ಯಾಬ್ ಯಾವಾಗ ಬಿತ್ತು ಎಂದು ಹೇಳುವುದಿಲ್ಲ. ಈ ಕೆಲಸಕ್ಕೆ, ಒಂದೇ ಜಾಗದ ಹಳೆಯ ಉಪಗ್ರಹ ಚಿತ್ರಗಳನ್ನು ತೋರಿಸುವ ಗೂಗಲ್ ಅರ್ಥ್ ಪ್ರೊವನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಕಂಪ್ಯೂಟರಿಗೆ ಹಾಕಿಕೊಳ್ಳುವ ಆವೃತ್ತಿಯ ಬಗ್ಗೆಯೇ ಈ ಮಾತು. 2015ರಿಂದ ಅದು ಪುಕ್ಕಟೆ.

ಹಳೆಯ ಚಿತ್ರಗಳ ಸ್ಲೈಡರ್ ತೆರೆಯುವ ಗಡಿಯಾರದ ಚಿಹ್ನೆ ಒತ್ತುವ ಮುಂಚೆ ಮಾಡಬೇಕಾದ ಒಂದಿಷ್ಟು ಕೆಲಸವಿದೆ, ಅದನ್ನು ಬಿಡಬೇಡಿ. ಎಡಗಡೆಯ ಪಟ್ಟಿಯಲ್ಲಿ `Roads` ಮತ್ತು `3D Buildings` ಎರಡರ ಟಿಕ್ ತೆಗೆಯಿರಿ. ಇವು ಇಂದಿನ ರಸ್ತೆ, ಇಂದಿನ ಕಟ್ಟಡ. ತೆಗೆಯದಿದ್ದರೆ 2008ರ ಹೊಲದ ಮೇಲೂ ಇವತ್ತಿನ ರಸ್ತೆಗಳ ಗೆರೆ ಕೂತು, ಲೇಔಟ್ ಆಗಲೇ ಬಿದ್ದಿತ್ತು ಅನ್ನಿಸುತ್ತದೆ. ಆಮೇಲೆ `U` ಒತ್ತಿದರೆ ನೋಟ ನೇರ ಮೇಲಿನಿಂದ ಬರುತ್ತದೆ, `N` ಒತ್ತಿದರೆ ಉತ್ತರ ಮೇಲಾಗುತ್ತದೆ. ಇಂದಿನ ಚಿತ್ರದ ಮೇಲೆ ಪ್ಲಾಟಿನ ಹೊರಗೆರೆ ಎಳೆಯಿರಿ, ಒಳಗೆ ಬಣ್ಣ ತುಂಬಬೇಡಿ. ಪಕ್ಕದಲ್ಲೇ ಬದಲಾಗದ ಒಂದು ಗುರುತಿಗೆ ಪಿನ್ ಹಾಕಿ: ಹಳೆಯ ಬಾವಿ, ದೇವಸ್ಥಾನ, ಹೆದ್ದಾರಿಯ ಕೂಡು. ಬೇರೆ ಬೇರೆ ದಿನದ ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದಿಲ್ಲ, ಹತ್ತಾರು ಅಡಿ ಸರಿದಿರುವುದುಂಟು. ಎರಡು ಗುಂಟೆಯ ಪ್ಲಾಟಿನಲ್ಲಿ ಅಷ್ಟು ಸರಿದರೆ ನೀವು ನೋಡುತ್ತಿರುವುದು ಪಕ್ಕದವರ ಮನೆ. ಬಾವಿ ಪಿನ್ನಿನಿಂದ ಎಷ್ಟು ಸರಿದಿದೆಯೋ, ಪ್ಲಾಟನ್ನೂ ಅಷ್ಟೇ ಸರಿಸಿ ನೋಡಬೇಕು.

ನಂತರ ಸ್ಲೈಡರ್ ಮೇಲೆ ಇಂದಿನಿಂದ ಹಿಂದಕ್ಕೆ, ಒಂದೊಂದೇ ಗೆರೆ; ಒಂದು ಗೆರೆ ಅಂದರೆ ಒಂದು ಚಿತ್ರ. ಮನೆ ಮಾಯವಾಗುವ ಚಿತ್ರ ಸಿಕ್ಕ ಕೂಡಲೇ ನಿಲ್ಲಿಸಿ, ಒಂದು ಗೆರೆ ಮುಂದಕ್ಕೆ ಬನ್ನಿ. ಈ ಎರಡು ಚಿತ್ರಗಳ ನಡುವೆ ಎಲ್ಲೋ ಕಟ್ಟಡ ಎದ್ದಿದೆ. ಈ ಸಾಧನದಿಂದ ಸಿಗುವುದು ಇಷ್ಟು: "ಆವಾಗ ಇರಲಿಲ್ಲ, ಈವಾಗ ಇದೆ". ಮಳೆಗಾಲದ ಮೋಡದಿಂದಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಸ್ವಚ್ಛ ಚಿತ್ರ ಸಿಗುವುದು ಅಪರೂಪ. ಹಾಗಾಗಿ ಆ ಎರಡು ಚಿತ್ರಗಳ ಅಂತರ ಎಷ್ಟೋ ಸಲ ಬೇಸಿಗೆಯಿಂದ ದೀಪಾವಳಿಯವರೆಗೆ ಹಿಗ್ಗುತ್ತದೆ.

ಇಲ್ಲಿಯವರೆಗೆ ದೂರಿಲ್ಲ. ತಕರಾರು ಇರುವುದು ತಾರೀಖಿನ ಬಗ್ಗೆ. ಪರದೆಯ ಮೇಲೆ ಎರಡು ತಾರೀಖು ಕಾಣುತ್ತವೆ. ಮೇಲೆ ಸ್ಲೈಡರ್‌ನಲ್ಲಿರುವುದು ನೀವು ಕೇಳಿದ ಕಾಲ. ಕೆಳಗಿನ ಪಟ್ಟಿಯಲ್ಲಿ `Imagery Date` ಎಂದು ಬರುವುದು ಬಾಣದ ಗುರುತು ಇರುವ ಜಾಗದ ಚಿತ್ರ ತೆಗೆದ ದಿನ. ಪರದೆಯ ಚಿತ್ರವು ಹಲವು ತುಣುಕುಗಳ ಜೋಡಣೆ ಆಗಿರಬಹುದು. ರಸ್ತೆಯ ಈ ಬದಿ ಒಂದು ವರ್ಷದ್ದು, ಆ ಬದಿ ಇನ್ನೊಂದು ವರ್ಷದ್ದು. ಬಾಣವನ್ನು ನಿಮ್ಮ ಪ್ಲಾಟಿನ ನಡುವೆ ಇಟ್ಟು ಕೆಳಗಿನದನ್ನೇ ಓದಿ. 4/3 ಎಂದಿದ್ದರೆ ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ದಿನ 12ಕ್ಕಿಂತ ಹೆಚ್ಚಿರುವ ಬೇರೊಂದು ಚಿತ್ರಕ್ಕೆ ಹೋಗಿ ನೋಡಿದರೆ ಕ್ರಮ ಗೊತ್ತಾಗುತ್ತದೆ. ಸ್ಲೈಡರ್ ಹಿಂದಕ್ಕೆ 1984ರವರೆಗೂ ಹೋಗುತ್ತದೆ, ವರ್ಷದ ಕೊನೆಯ ತಾರೀಖು ತೋರಿಸುತ್ತದೆ. ಆ ಹಳೆಯವು ಲ್ಯಾಂಡ್‌ಸ್ಯಾಟ್‌ನ ವರ್ಷವಿಡೀ ಚಿತ್ರಗಳನ್ನು ಬೆರೆಸಿ ಮಾಡಿದವು, ಒಂದು ಚುಕ್ಕಿಗೆ 30 ಮೀಟರ್. ಹೆಚ್ಚುಕಡಿಮೆ ಒಂಬತ್ತು ಗುಂಟೆ ಸೇರಿ ಒಂದೇ ಚುಕ್ಕಿ. ಅಲ್ಲಿ ಮನೆ ಕಾಣಲಿಲ್ಲ ಎಂಬುದಕ್ಕೆ ಅರ್ಥವೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನರ್ಹೆಯಲ್ಲಿ ಎರಡು ಮಾಳಿಗೆಯ ಮನೆ. ಮಾರುವವರು 2019ರ ಡಿಸೆಂಬರ್ ಎಂದು ಕಾಣುವ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಅದೇ ಜಾಗದಲ್ಲಿ ಚಾವಣಿ ಕಾಣುತ್ತಿದೆ. ಕೆಳಗಿನ ಪಟ್ಟಿ ಕತ್ತರಿಸಿಹೋಗಿದೆ, ಅಂದರೆ ಆ ಡಿಸೆಂಬರ್ ಸ್ಲೈಡರ್‌ನದ್ದು. ನೀವೇ ತೆರೆದು `Imagery Date` ನೋಡಿ. ಅಲ್ಲಿಯೂ 2019ರ ಡಿಸೆಂಬರ್ ಇದೆ ಅಂದುಕೊಳ್ಳಿ. ಈಗ ನೆರಳು ಅಳೆಯಬೇಕು.

ಇದು ನನಗೆ ತುಂಬ ಇಷ್ಟವಾದ ಕೆಲಸ. ಪುಣೆಯಲ್ಲಿ ಡಿಸೆಂಬರ್‌ನಲ್ಲಿ ಬೆಳಗಿನ ಹತ್ತೂಮುಕ್ಕಾಲರ ಸುಮಾರಿಗೆ ಸೂರ್ಯ 40 ಡಿಗ್ರಿ ಎತ್ತರದಲ್ಲಿರುತ್ತಾನೆ. ಇಂಥ ಉಪಗ್ರಹಗಳು ಸಾಮಾನ್ಯವಾಗಿ ಹೆಚ್ಚುಕಡಿಮೆ ಇದೇ ಹೊತ್ತಿಗೆ ಹಾಯುತ್ತವೆ. ಆಗ ನೆರಳು ಎತ್ತರದ ಸುಮಾರು 1.2 ಪಟ್ಟು. ರೂಲರ್ ತೆಗೆದು ಗೋಡೆಯ ಬುಡದಿಂದ ನೆರಳಿನ ತುದಿಯವರೆಗೆ ಅಳೆಯಿರಿ. ಮೂರೂವರೆ ಮೀಟರ್ ಬಂದರೆ ಎತ್ತರ ಮೂರು ಮೀಟರ್, ಒಂದೇ ಅಂತಸ್ತು. 2022ರ ಡಿಸೆಂಬರ್ ಚಿತ್ರದಲ್ಲಿ ಅದೇ ನೆರಳು ಎಂಟು ಮೀಟರ್ ಇದ್ದರೆ ಎತ್ತರ ಆರೂವರೆ ಮೀಟರ್ ಮೇಲಾಯಿತು, ಎರಡು ಮಾಳಿಗೆ. ಮೇ ತಿಂಗಳ ಚಿತ್ರದಲ್ಲಿ ಇದನ್ನು ಮಾಡಲು ಹೋಗಬೇಡಿ. ಸೂರ್ಯ ನೆತ್ತಿಗೆ ಹತ್ತಿರವಿದ್ದು ನೆರಳು ಗೋಡೆಗೇ ಅಂಟಿಕೊಂಡಿರುತ್ತದೆ.

ಇನ್ನು ಚಾವಣಿಯ ಬಣ್ಣ. 2019ರದ್ದು ಇಡೀ ನೀಲಿ ಅಥವಾ ಬೆಳ್ಳಗೆ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಪ್ಯಾರಾಪೆಟ್ಟಿನ ತೆಳು ನೆರಳು ಇಲ್ಲದಿದ್ದರೆ, ಅದು ಪತ್ರಾ ಶೆಡ್. ಆರ್‌ಸಿಸಿ ಸ್ಲ್ಯಾಬ್ ಬೂದು ಬಣ್ಣ, ಸುತ್ತ ಪ್ಯಾರಾಪೆಟ್, ಒಂದು ಮೂಲೆಯಲ್ಲಿ ನೀರಿನ ಟಾಕಿಯ ಕಪ್ಪು ಚುಕ್ಕಿ. ಅರ್ಧ ಮೀಟರ್ ಸೂಕ್ಷ್ಮತೆಯ ಚಿತ್ರದಲ್ಲಿ ಟಾಕಿ ಎರಡು ಮೂರು ಚುಕ್ಕಿಯಷ್ಟೇ, ಆದರೂ ಕಾಣುತ್ತದೆ. ಗಡಿಯೊಳಗೆ ಇದ್ದದ್ದು ಶೆಡ್ ಆಗಿದ್ದು, ಮನೆ ಆಮೇಲೆ ಎದ್ದಿದ್ದರೆ ಮಾರುವವರ ಮಾತಿಗೆ ಬೆಲೆಯಿಲ್ಲ.

ನಡುವಿನ ಅಂತರ ಕಿರಿದು ಮಾಡಲು ಎರಡು ಪುಕ್ಕಟೆ ದಾರಿಗಳಿವೆ. ಎಸ್ರಿ ಕಂಪನಿಯ ವೇಬ್ಯಾಕ್ ಜಾಲತಾಣ ತನ್ನ ಉಪಗ್ರಹ ನಕ್ಷೆಯ 2014ರಿಂದ ಈಚಿನ ಆವೃತ್ತಿಗಳನ್ನು ಇಟ್ಟಿದೆ. ಅಲ್ಲೂ ಅದೇ ಎಚ್ಚರ ಬೇಕು. ಪಟ್ಟಿಯ ತಾರೀಖು ಪ್ರಕಟಿಸಿದ ದಿನ, ಒಳಗಿನ ಚಿತ್ರ ಒಂದೆರಡು ವರ್ಷ ಹಳೆಯದಿರಬಹುದು. ನಕ್ಷೆಯ ಮೇಲೆ ಪ್ಲಾಟನ್ನೇ ಕ್ಲಿಕ್ ಮಾಡಿದರೆ ತೆಗೆದ ದಿನ ಬರುತ್ತದೆ. ಇನ್ನೊಂದು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರ, ಐದು ದಿನಕ್ಕೊಮ್ಮೆ. ಅದರ ಒಂದು ಚುಕ್ಕಿ 10 ಮೀಟರ್, ಅಂದರೆ ಸರಿಸುಮಾರು ಒಂದು ಗುಂಟೆ. ಹೊಲದ ನಡುವೆ ಮುರುಮ್ ರಸ್ತೆಗಳು ಬಿದ್ದು ಲೇಔಟ್ ಆದ ತಿಂಗಳನ್ನು ಇದು ಚೆನ್ನಾಗಿ ಹಿಡಿದುಕೊಡುತ್ತದೆ. ಒಂಟಿ ಮನೆಗೆ ಇದನ್ನು ನೆಚ್ಚಬೇಡಿ. ಎರಡು ಚುಕ್ಕಿಗಳ ಬಣ್ಣ ಬದಲಾದದ್ದು ಕಾಣುತ್ತದೆ, ಶೆಡ್ಡೋ ಸ್ಲ್ಯಾಬೋ ತಿಳಿಯುವುದಿಲ್ಲ.

ಹಣ ಕೊಟ್ಟು ಹಳೆಯ ಉಪಗ್ರಹ ಚಿತ್ರ ತರಿಸುವವರಿದ್ದಾರೆ. ಎರಡು ಗುಂಟೆಗೆ ಆ ಖರ್ಚು ನನಗೆ ಸರಿಕಾಣುವುದಿಲ್ಲ. ಕರೆಂಟ್ ಬಿಲ್‌ನ ಪುರವಠಾ ದಿನಾಂಕವೂ ಸಾಲದು, ಮೀಟರ್ ಶೆಡ್ಡಿಗೇ ಬಂದಿರಬಹುದು. ನರ್ಹೆ, ವಾಘೋಲಿ ಎರಡೂ ಪುಣೆ ಪಾಲಿಕೆಗೆ ಸೇರಿದ್ದು 2021ರ ಜೂನ್ 30ಕ್ಕೆ. ಅದಕ್ಕೂ ಮುಂಚೆ ಮನೆಪಟ್ಟಿ ಗ್ರಾಮಪಂಚಾಯತಿಯದ್ದು. ಆ ಕಾಲದ ಮನೆಪಟ್ಟಿಯ ದಾಖಲೆಯಾದ ನಮುನಾ 8ರ ನಕಲು ಕೇಳಿ. ಅದರಲ್ಲಿ ಬಾಂಧಕಾಮ ಎಂಥದ್ದು ಎಂಬುದೂ ಅಳತೆಯೂ ಬರೆದಿರುತ್ತದೆ. ಆ ಅಳತೆಯನ್ನು 2019ರ ಚಿತ್ರದ ಚಾವಣಿಯ ಅಳತೆಗೆ ಹೊಂದಿಸಿ ನೋಡಿ, ಆಮೇಲೆ ಟೋಕನ್ ಕೊಡಿ.