ಬೋನಸ್ ಅಂತ 6,997 ರೂಪಾಯಿ ಬಿದ್ದಿದೆಯಾ? ಸಹಿ ಹಾಕೋ ಮೊದಲು ಇದನ್ನು ಓದಿ

ಗಾರ್ಮೆಂಟ್ಸ್, ಸಣ್ಣ ಕಾರ್ಖಾನೆಗಳಲ್ಲಿ ದುಡಿಯೋರು ದಯವಿಟ್ಟು ಓದಿ. 2023-24ರ ಬೋನಸ್ ಅಂತ ನಮ್ಮಲ್ಲಿ ವರ್ಷಪೂರ್ತಿ ದುಡಿದ ಹೆಲ್ಪರ್‌ಗೂ 6,997, ಟೇಲರ್‌ಗೂ 6,997. ಯಾಕೆ ಹೀಗೆ ಅಂದರೆ ಎಚ್‌ಆರ್ ನಗುತ್ತಾ ಹೇಳಿದ್ದು: "ಸರ್ಕಾರದ ಮಿತಿನೇ 7,000 ಅಮ್ಮ. ಅದರ ಮೇಲೆ ಶೇ 8.33. ಎಲ್ಲಾ ಕಡೆ ಇಷ್ಟೇ."

ಅರ್ಧ ಮಾತ್ರ ಹೇಳಿದರು! ಆ ವರ್ಷಕ್ಕೆ ಅನ್ವಯಿಸೋ ಬೋನಸ್ ಪಾವತಿ ಕಾಯ್ದೆಯ 12ನೇ ಸೆಕ್ಷನ್ 2015ರ ತಿದ್ದುಪಡಿಯಾದ ಮೇಲೆ ಹೇಳ್ತಿದ್ದದ್ದು: 7,000 ಅಥವಾ ನಿಮ್ಮ ಕೆಲಸಕ್ಕೆ ಗೊತ್ತುಪಡಿಸಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದು. ಆ "ಯಾವುದು ಹೆಚ್ಚೋ ಅದು" ಅನ್ನೋದನ್ನೇ ನುಂಗಿಬಿಟ್ಟರು.

ಲೆಕ್ಕ ಹಾಕಿ ನೋಡಿ. ನಿಮ್ಮ ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 15,000, ನಿಮ್ಮ ಕೆಲಸದ ಕನಿಷ್ಠ ವೇತನ 14,000 ಅಂತಿಟ್ಟುಕೊಳ್ಳಿ. ಆಗ ಲೆಕ್ಕ 15,000ದ ಮೇಲೂ ಅಲ್ಲ, 7,000ದ ಮೇಲೂ ಅಲ್ಲ, 14,000ದ ಮೇಲೆ. ವರ್ಷಕ್ಕೆ 1,68,000, ಅದರ ಶೇ 8.33 ಅಂದರೆ 13,994 ರೂಪಾಯಿ. ಕೈಗೆ ಕೊಟ್ಟಿದ್ದು ಸರಿಯಾಗಿ ಅರ್ಧ! ಹಂಚಲು ಸಿಗುವ ಲಾಭ ಹೆಚ್ಚಿದ್ದರೆ ಶೇ 20ರವರೆಗೂ ಏರುತ್ತೆ, ಅಂದರೆ 33,600. ಅದರ ಮಾತನ್ನೇ ಯಾರೂ ಎತ್ತಲ್ಲ.

ಒಟ್ಟು ಸಂಬಳ 24,000 ಇದ್ದವರಿಗೆ "ನೀವು 21,000 ದಾಟಿದ್ದೀರಿ, ನಿಮಗೆ ಬರಲ್ಲ" ಅಂದರು. ಇದೂ ಸುಳ್ಳು. ಆ ಕಾಯ್ದೆಯ 21,000ದ ಅರ್ಹತೆ ಮಿತಿ ನೋಡಬೇಕಾಗಿದ್ದದ್ದು ಬೇಸಿಕ್ ಮತ್ತು ಡಿಎ ಮೇಲೆ. ಮನೆ ಬಾಡಿಗೆ ಭತ್ಯೆ, ಓಟಿ ಅದರಲ್ಲಿ ಸೇರಲ್ಲ. ಪೇಸ್ಲಿಪ್‌ನಲ್ಲಿ ಆ ಎರಡು ಸಾಲು ಮಾತ್ರ ಕೂಡಿಸಿ.

"ಕಂಪನಿ ಲಾಸಲ್ಲಿದೆ" ಅಂತಲೂ ಬಂತು. ಲಾಸಾದರೂ ಶೇ 8.33 ಕೊಡಲೇಬೇಕು. ಹೊಸ ಕಾರ್ಖಾನೆಗೆ ಮಾತ್ರ ಮೊದಲ ಐದು ವರ್ಷ, ಲಾಭ ಬರದಿದ್ದರೆ, ವಿನಾಯಿತಿ ಇದೆ. ನಮ್ಮದೇನೂ ಹೊಸದಲ್ಲ. ಮಧ್ಯದಲ್ಲಿ ಬಿಟ್ಟು ಹೋದವರಿಗೆ "ಹಬ್ಬಕ್ಕೆ ಇರಲಿಲ್ಲ, ಬೋನಸ್ ಇಲ್ಲ" ಅಂದರಂತೆ. ಹಬ್ಬಕ್ಕೂ ಇದಕ್ಕೂ ಸಂಬಂಧವೇ ಇಲ್ಲ! ಆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ ಸಾಕು, ದುಡಿದಷ್ಟಕ್ಕೆ ಬರುತ್ತೆ. ಕಳ್ಳತನ, ವಂಚನೆ ಅಂತ ವಜಾ ಆದವರ ಕಥೆ ಬೇರೆ.

ಸಹಿ ಹಾಕಿಸೋದು ಫಾರ್ಮ್ ಸಿ ರಿಜಿಸ್ಟರ್‌ನಲ್ಲಿ. ಅಲ್ಲಿ "ಗಳಿಸಿದ ಒಟ್ಟು ವೇತನ" ಅನ್ನೋ ಕಾಲಂ ಬೆರಳಿಂದ ಮುಚ್ಚಿ, "ಇಲ್ಲಿ ಹಾಕಿ" ಅಂತಾರೆ. ಬೆರಳು ತೆಗೆಸಿ, ಫೋಟೋ ತೆಗೀರಿ. ಹಬ್ಬಕ್ಕೆ ಮೊದಲೇ ಕೊಟ್ಟ ಬೋನಸ್ ಕಳೆದಿದ್ದರೆ ಅದೂ ಅಲ್ಲೇ ಇರುತ್ತೆ, ಅದನ್ನು ಕಳೆಯೋದು ಸರಿಯೇ.

ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಹಣ ಬರಬೇಕು. ಮಾರ್ಚ್ 31ಕ್ಕೆ ಮುಗಿದರೆ ನವೆಂಬರ್ 30. ಬರಬೇಕಾದ ಬಾಕಿ ವಸೂಲಿಗೆ ಅರ್ಜಿ ಹಾಕಲು ಆ ಕಾಯ್ದೆಯಲ್ಲಿದ್ದದ್ದು ಒಂದೇ ವರ್ಷ. "ಮುಂದಿನ ತಿಂಗಳು ನೋಡೋಣ" ಅಂತ ಅವರು ತಳ್ಳೋದು ಅದಕ್ಕೇ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲಿಗೆ ವೇತನ ಸಂಹಿತೆ ಜಾರಿಯಾಗಿದೆ. ಶೇ 8.33, ಶೇ 20 ಅಲ್ಲೂ ಇವೆ, ಅರ್ಹತೆಯ ಮಿತಿ ಮಾತ್ರ ಸರ್ಕಾರದ ಅಧಿಸೂಚನೆಯಲ್ಲಿ ನೋಡಬೇಕು. ಇನ್ನು ಮೇಲೆ ಅವರು "ಹೊಸ ಕಾನೂನು ಬಂತು, ಹಳೇದೆಲ್ಲಾ ಹೋಯ್ತು" ಅನ್ನೋದಕ್ಕೂ ತಯಾರಾಗಿರಿ.