ಅವ್ವನ ಮಡಚುವ ವಾಕರ್: ಏಳು ತಿಂಗಳು ಬಳಸಿದ ಮೇಲೆ

ಕಳೆದ ನವೆಂಬರಿನಲ್ಲಿ ಅವ್ವನ ಬಲ ಮೊಣಕಾಲಿನ ಕೀಲು ಬದಲಿಸಿದರು. ಅವ್ವ ಇರುವುದು ಬಾಗಲಕೋಟೆಯ ನವನಗರದಲ್ಲಿ ಅಣ್ಣ, ವೈನಿ ಜೊತೆ. ನಾನು ಡಬ್ಲಿನ್‌ನಲ್ಲಿ. ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ವಾಕರ್ ಒಂದನ್ನಾದರೂ ನಾನೇ ಕೊಡಿಸಬೇಕೆಂದು ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಆ ದುಡ್ಡು ವ್ಯರ್ಥವಾಯಿತು.

ಅವ್ವ ಐದು ಅಡಿ ಎತ್ತರ. ವಿಡಿಯೋ ಕಾಲ್‌ನಲ್ಲಿ ನೋಡಿದರೆ, ಆ ವಾಕರ್ ಹಿಡಿದು ನಿಂತವಳ ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿದ್ದವು. ನಾಲ್ಕೇ ದಿನಕ್ಕೆ ಕುತ್ತಿಗೆ ನೋವು ಶುರುವಾಯಿತು. ಹಿಡಿಕೆ ಅಷ್ಟು ಮೇಲಿದ್ದರೆ ಕೈಯನ್ನು ಕೆಳಕ್ಕೆ ಒತ್ತಲು ಬರುವುದಿಲ್ಲ, ಕಾಲಿನ ಭಾರ ಕೈಗೆ ಇಳಿಯುವುದೂ ಇಲ್ಲ. ವೈನಿಗೆ ಹೊಲಿಗೆಯ ಟೇಪ್ ತರಲು ಹೇಳಿದೆ. ಅವ್ವ ಮನೆಯೊಳಗೆ ಹಾಕುವ ಚಪ್ಪಲಿ ಹಾಕಿಕೊಂಡು, ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ನೆಲದಿಂದ ಮಣಿಕಟ್ಟಿನ ಗೆರೆಗೆ 29 ಇಂಚು. ವಾಕರಿನ ಹಿಡಿಕೆ ಕೊನೆಯ ತೂತಿಗೆ ಇಳಿಸಿದರೂ 32 ಇಂಚು. ಕಾಕಾ ಹ್ಯಾಕ್ಸಾ ತಂದು ಕಾಲು ಕೊಯ್ಯೋಣ ಅಂದರು. ಬೇಡವೆಂದೆ. ನಾಲ್ಕರಲ್ಲಿ ಒಂದು ಕಾಲು ಒಂದು ಎಳೆಯಷ್ಟು ಗಿಡ್ಡವಾದರೂ ವಾಕರ್ ಅಲುಗಾಡುತ್ತದೆ, ಕೊಯ್ದ ಅಂಚು ಕಾಲಿನ ಬುಡದ ರಬ್ಬರನ್ನು ಒಳಗಿಂದಲೇ ಹರಿಯುತ್ತದೆ.

ಈ ವಿಮರ್ಶೆ ಎರಡನೆಯ ವಾಕರಿನದು. ಅಣ್ಣ ಊರಿನ ಮೆಡಿಕಲ್ ಅಂಗಡಿಯಿಂದ 1,650 ರೂಪಾಯಿಗೆ ತಂದದ್ದು. ಅಲ್ಯೂಮಿನಿಯಂನದು, ಗಾಲಿ ಇಲ್ಲ, ಒಂದು ಗುಂಡಿ ಒತ್ತಿದರೆ ಮಡಚುತ್ತದೆ. ಎತ್ತರ 28ರಿಂದ 33 ಇಂಚಿನವರೆಗೆ, ತೂತಿಗೊಂದು ಇಂಚು. 29ಕ್ಕೆ ಇಟ್ಟ ಕೂಡಲೇ ಅವ್ವನ ಭುಜ ಇಳಿದವು, ಮೊಣಕೈ ಸ್ವಲ್ಪವೇ ಬಾಗಿತು. ಹಾಗೆಯೇ ಇರಬೇಕು. ಮೊದಲ ಸಂಜೆ ಮಾತ್ರ ವಾಕರ್ ಕುಂಟುತ್ತಿತ್ತು. ಹಿಂದಿನ ಒಂದು ಕಾಲು 30ರಲ್ಲೇ ಉಳಿದಿತ್ತು. ಎತ್ತರ ಬದಲಿಸಿದಾಗಲೆಲ್ಲ ನಾಲ್ಕೂ ಕಾಲುಗಳಲ್ಲಿ ಕಾಣುವ ತೂತುಗಳನ್ನು ಎಣಿಸಿ, ಪ್ರತಿ ಗುಂಡಿ ತೂತಿನಿಂದ ಪೂರ್ತಿ ಹೊರಬಂದಿದೆಯೇ ಎಂದು ಬೆರಳಿಟ್ಟು ನೋಡಬೇಕು.

ಅಳತೆ ಸರಿಯಾದರೂ ಅವ್ವ ಬೀಳುವುದರಲ್ಲಿದ್ದಳು. ಎರಡನೆಯ ವಾರ ಮಂಚದಿಂದ ಏಳುವಾಗ ವಾಕರನ್ನೇ ಹಿಡಿದು ಜಗ್ಗಿದಳು. ಮೂರು ಕಿಲೋ ಕೂಡ ತೂಗದ ಚೌಕಟ್ಟು ಅದು, ಅವಳ ಮೇಲೆಯೇ ವಾಲಿತು. ವೈನಿ ಹಿಡಿದುಕೊಂಡರು. ಫಿಜಿಯೋಥೆರಪಿಯವರು ಆಸ್ಪತ್ರೆಯಲ್ಲಿ ಕಲಿಸಿದ್ದರು, ಆದರೆ ನೋವಿನಲ್ಲಿದ್ದವಳ ತಲೆಯಲ್ಲಿ ಅದು ಎಷ್ಟು ನಿಂತೀತು? ಫೋನಿನಲ್ಲಿ ನಾನು ಹೇಳಿದ್ದೂ ಫೋನ್ ಇಟ್ಟ ಮೇಲೆ ಮರೆಯುತ್ತಿತ್ತು. ಅವ್ವ ನಾಲ್ಕನೇ ಇಯತ್ತೆ ಓದಿದವಳು, ದಪ್ಪ ಅಕ್ಷರ ಓದುತ್ತಾಳೆ. ಅದಕ್ಕೇ ಪತ್ರ ಬರೆದು ಫೋಟೋ ಕಳಿಸಿದೆ, ಅಣ್ಣ ದೊಡ್ಡದಾಗಿ ಪ್ರಿಂಟ್ ತೆಗೆಸಿ ಮಂಚದ ಎದುರಿನ ಗೋಡೆಗೆ ಹಚ್ಚಿದ. ವಾಕರಿನಷ್ಟೇ ಕೆಲಸಕ್ಕೆ ಬಂದದ್ದು ಅದು, ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

"ಅವ್ವಾ, ಏಳೂವಾಗ ವಾಕರ್ ಹಿಡದು ಜಗ್ಗಬ್ಯಾಡ. ಅದು ನಿನ್ನ ಎಬ್ಬಸೂದಿಲ್ಲ, ಎದ್ದ ಮ್ಯಾಲ ಹಿಡಕೊಳ್ಳಾಕ ಐತಿ. ಮೊದಲ ಕುರ್ಚಿ ತುದಿಗೆ ಸರದು ಬಾ. ಬಲಗಾಲು ಸ್ವಲ್ಪ ಮುಂದ ಚಾಚು, ಎಡಗಾಲು ನಿನ್ನ ಕಡೆ ಇರಲಿ. ಎರಡೂ ಕೈ ಕುರ್ಚಿ ಕೈಮ್ಯಾಲ ಊರಿ ಒತ್ತಿ ಏಳು. ನೆಟ್ಟಗ ನಿಂತ ಮ್ಯಾಲ ಒಂದೊಂದ ಕೈ ವಾಕರಿಗೆ ತಗೊಂಡು ಬಾ. ತಲಿ ತಿರುಗಿದ್ರ ಅಲ್ಲೇ ನಿಲ್ಲು, ಮನಸ್ಸಿನ್ಯಾಗ ಹತ್ತು ಎಣಸು, ಆಮ್ಯಾಲ ನಡಿ.

ನಡಿಯೂದು ಹಿಂಗ: ಮೊದಲ ವಾಕರ್ ಒಂದು ಹೆಜ್ಜಿ ಮುಂದ ಇಡು. ನಾಕೂ ಕಾಲು ನೆಲಕ್ಕ ಊರಿದ್ದು ನೋಡು. ಆಮ್ಯಾಲ ಆಪರೇಷನ್ ಆದ ಬಲಗಾಲು ಒಳಗ ಇಡು. ಕೈಮ್ಯಾಲ ಭಾರ ಹಾಕಿ ಎಡಗಾಲು ತಗೊಂಡು ಬಾ. ವಾಕರ್, ಬಲಗಾಲು, ಎಡಗಾಲು. ಮುಂದಿನ ಅಡ್ಡ ಸರಳಿಗೆ ಮಣಕಾಲು ತಾಗೂವಷ್ಟು ಒಳಗ ಹೋಗಬ್ಯಾಡ, ಹಿಂದಕ್ಕ ತೋಲ ತಪ್ಪತೈತಿ. ವಾಕರ್ ಭಾಳ ದೂರ ಇಟ್ಟ್ರ ಮುಂದಕ್ಕ ಬಾಗತಿ, ಅದೂ ಬ್ಯಾಡ. ಬಲಗಾಲಿನ ಮ್ಯಾಲ ಎಷ್ಟು ಭಾರ ಹಾಕಬೇಕು ಅನ್ನೂದು ಡಾಕ್ಟರ್ ಹೇಳಿದಷ್ಟ, ಬಾಜೂಮನಿಯವರು ಹೇಳಿದಷ್ಟಲ್ಲ.

ತಿರುಗೂವಾಗ ಬಲಗಾಲು ನೆಲಕ್ಕ ಊರಿ ಮಣಕಾಲು ತಿರುವಬ್ಯಾಡ. ಸಣ್ಣ ಸಣ್ಣ ಹೆಜ್ಜಿ ಹಾಕಿ ಸುತ್ತ ತಿರುಗು.

ಕುಂಡ್ರೂವಾಗ ಹಿಂದಕ್ಕ ಸರಿ. ಕುರ್ಚಿ ಎರಡೂ ಕಾಲಿಗೆ ತಾಗಬೇಕು, ಅಲ್ಲೀತನಕ ಕುಂಡ್ರಬ್ಯಾಡ. ಬಲಗಾಲು ಮುಂದ ಚಾಚಿ, ಒಂದು ಕೈ ಹಿಂದಕ್ಕ ತಗದು ಕುರ್ಚಿ ಕೈ ಹುಡುಕು, ಆಮ್ಯಾಲ ಇನ್ನೊಂದು. ಸಾವಕಾಶ ಇಳಿ. ಕುರ್ಚಿ ತಗ್ಗಾದ್ರ ಕೌದಿ ಬಿಗಿಯಾಗಿ ಮಡಚಿ ಹಾಕಿಸ್ಕೊ.

ಬಚ್ಚಲಕ್ಕ ಒಂದ ಮೆಟ್ಟಲಾ ಇಳಿಬೇಕು, ಅಲ್ಲಿ ವೈನಿ ಇಲ್ಲದ ಹೋಗಬ್ಯಾಡ. ಇಳಿಯೂವಾಗ ವಾಕರ್ ಮೊದಲ, ಆಮ್ಯಾಲ ಬಲಗಾಲು, ಆಮ್ಯಾಲ ಎಡಗಾಲು. ಏರೂವಾಗ ವಾಕರ್ ಮ್ಯಾಲ ಇಟ್ಟು ಎಡಗಾಲು ಮೊದಲ. ಎರಡು ಕಾಲು ಮ್ಯಾಲ, ಎರಡು ಕಾಲು ಕೆಳಗ ಅಂತ ವಾಕರ್ ಎಂದೂ ನಿಲ್ಲಸಬ್ಯಾಡ. ಮಾಳಿಗಿ ಮೆಟ್ಟಲಾಕ ವಾಕರ್ ಒಯ್ಯೂದು ಬ್ಯಾಡನ ಬ್ಯಾಡ.

ಇಳಕಲ್ ಸೀರಿ ಸದ್ಯಕ್ಕ ಪೆಟ್ಟಿಗ್ಯಾಗ ಇರಲಿ. ನಿರಗಿ ವಾಕರಿನ ಕಾಲಿಗೆ ಸಿಗತಾವ. ಪಡಸಾಲಿ ಜಮಖಾನ ಸುತ್ತಿ ಇಡಸು. ಚಾದ ಕಪ್ಪು ಕೈಯಾಗ ಹಿಡದು ನಡಿಯಬ್ಯಾಡ, ನೀ ಎಲ್ಲಿ ಕುಂತಿರತಿ ಅಲ್ಲಿಗೇ ತರಸ್ಕೊ."

ಪತ್ರ ಹಚ್ಚಿದ ಮರುದಿನ, ಇಲ್ಲಿ ಬೆಳಗಿನ ಆರು, ಅಲ್ಲಿ ಹನ್ನೊಂದೂವರೆ, ಅವ್ವ "ವಾಕರ್, ಬಲಗಾಲು, ಎಡಗಾಲು" ಎಂದು ಬಾಯಿ ಬಿಟ್ಟು ಹೇಳುತ್ತ ಪಡಸಾಲೆ ದಾಟುವುದನ್ನು ನೋಡಿದೆ. ಜಗ್ಗುವ ಚಾಳಿ ಬಿಡಲು ಮಾತ್ರ ಹತ್ತು ದಿನ ಬೇಕಾಯಿತು. ಕೊನೆಗೆ ವೈನಿ ಉಪಾಯ ಹೂಡಿದರು: ಅವ್ವ ಕುಳಿತಾಗ ವಾಕರನ್ನು ಕೈಗೆ ಸಿಗದಷ್ಟು, ಆದರೆ ಎದ್ದು ನಿಂತರೆ ಸಿಗುವಷ್ಟು ದೂರ ಇಡುತ್ತಿದ್ದರು.

ಇನ್ನು ವಸ್ತುವಿನ ಬಾಳಿಕೆ. ಚೌಕಟ್ಟು, ಗುಂಡಿಗಳು ಏಳು ತಿಂಗಳಾದರೂ ಗಟ್ಟಿಯಾಗಿವೆ. ಬಿಚ್ಚುವಾಗ 'ಟಕ್' ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಲಾಕ್ ಬಿದ್ದಿಲ್ಲವೆಂದೇ ಅರ್ಥ, ಭಾರ ಹಾಕಿದರೆ ಮಡಚಿಕೊಳ್ಳುತ್ತದೆ. ಕಾಲಿನ ರಬ್ಬರ್ ಬುಡಗಳು ನಿರಾಸೆ ಮಾಡಿದವು. ಮನೆಯ ನೆಲ ಒರಟು ಫರಸಿ. ಮೂರನೆಯ ತಿಂಗಳು ಫೋನಿನಲ್ಲಿ ಅವ್ವ ನಡೆಯುವ ಸದ್ದು ಬದಲಾದದ್ದು ನನಗೆ ಕೇಳಿಸಿತು. ಮೊದಲು ಮೆತ್ತಗೆ ಬರುತ್ತಿದ್ದ ಸದ್ದಿನ ನಡುವೆ ಲೋಹ ಕಲ್ಲಿಗೆ ಬಡಿದಂತೆ ಸದ್ದು. ವಾಕರ್ ಮಗುಚಿ ತೋರಿಸಿ ಅಂದೆ. ಮುಂದಿನ ಬಲಗಾಲಿನ ರಬ್ಬರ್ ಒಂದು ಬದಿಗೆ ಪೂರ್ತಿ ಸವೆದು ಕೊಳವೆಯ ಅಂಚು ಕಾಣುತ್ತಿತ್ತು. ಒದ್ದೆ ನೆಲದಲ್ಲಿ ಅದು ಜಾರಿಬಿಡುತ್ತಿತ್ತು. ನಾಲ್ಕನ್ನೂ ಒಟ್ಟಿಗೆ ಬದಲಿಸಿದೆವು, ಒಂದಕ್ಕೆ 40 ರೂಪಾಯಿ. ಒಂದನ್ನೇ ಬದಲಿಸಿದರೆ ಹೊಸದು ಎತ್ತರವಾಗಿ ಮತ್ತೆ ವಾಕರ್ ಕುಂಟುತ್ತದೆ. ಈಗ ಪ್ರತಿ ಅಮಾವಾಸ್ಯೆಗೆ ಅಣ್ಣ ವಾಕರ್ ಮಗುಚಿ ನೋಡುತ್ತಾನೆ.

ಫಿಜಿಯೋಥೆರಪಿಯವರು ಒಪ್ಪಿದ ಮೇಲೆ ಎಂಟನೆಯ ವಾರದಿಂದ ಹಗಲು ಕೋಲು ಬಂತು. ಅವ್ವ ಅದನ್ನು ನೋವಿದ್ದ ಬಲಗಡೆಯೇ ಹಿಡಿದಿದ್ದಳು, ಎಡಗೈಗೆ ಬದಲಿಸಿದೆವು. ರಾತ್ರಿ ಸಂಡಾಸಕ್ಕೆ ಏಳುವಾಗ, ನಿದ್ದೆಗಣ್ಣಿನಲ್ಲಿ, ಇಂದಿಗೂ ಈ ವಾಕರೇ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಡಿತ ರಬ್ಬರಿಗೆ. ಕೊಳ್ಳುವವರು ಮೊದಲು ಟೇಪ್ ಹಿಡಿದು ಮಣಿಕಟ್ಟಿನ ಎತ್ತರ ಅಳೆಯಿರಿ. 33 ಇಂಚಿಗಿಂತ ಮೇಲೆ ಬಂದರೆ ಈ ಅಳತೆಯ ವಾಕರ್ ನಿಮಗಲ್ಲ, ದೊಡ್ಡದನ್ನು ಕೇಳಿ.