ಘೋಷಿತ ಮೌಲ್ಯ ಬೇರೆ, ವಿಮೆ ಬೇರೆ: ಪಾರ್ಸೆಲ್ ಕಳೆದುಹೋದಾಗ ಕೈಗೆ ಬಂದದ್ದೆಷ್ಟು?

ಕಿನ್ನಿಗೋಳಿ ಕಡೆಯ ನೇಕಾರರಿಂದ ಕೈಮಗ್ಗದ ಉಡುಪಿ ಸೀರೆಗಳನ್ನು ಕೊಂಡು ಬೆಂಗಳೂರು, ಪುಣೆ, ಮುಂಬೈಯ ಗಿರಾಕಿಗಳಿಗೂ ಕೆಲವು ಅಂಗಡಿಗಳಿಗೂ ಉಡುಪಿಯಿಂದ ಕಳುಹಿಸುವುದು ನನ್ನ ಕೆಲಸ. ಈ ನಾಲ್ಕು ವರ್ಷಗಳಲ್ಲಿ ಅಂಚೆ, ಎರಡು ಕೊರಿಯರ್ ಸಂಸ್ಥೆಗಳು, ಲಾರಿ ಪಾರ್ಸೆಲ್, ಇವುಗಳ ಮೇಲೆ ಒಂದು ವರ್ಷ ವಿಮಾ ಕಂಪನಿಯ ಪಾಲಿಸಿ, ಹೀಗೆ ಎಲ್ಲವನ್ನೂ ಬಳಸಿ ನೋಡಿದ್ದೇನೆ. ದರ ಮತ್ತು ವೇಗಗಳ ಹೋಲಿಕೆಯನ್ನು ಇಲ್ಲಿ ಮಾಡುತ್ತಿಲ್ಲ. ಮಾಲು ಕಳೆದಾಗ ಅಥವಾ ಕೆಟ್ಟಾಗ ಕಳುಹಿಸಿದವರಿಗೆ ಎಷ್ಟು ಹಣ ಹಿಂದಿರುಗುತ್ತದೆ, ಆ ಮೊತ್ತವನ್ನು ಯಾವುದು ನಿರ್ಧರಿಸುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲನೆಯದು, ನನಗೆ ಹೆಚ್ಚು ನಷ್ಟವಾದ ಪ್ರಸಂಗ. ಎಂಟು ಸೀರೆಗಳ ಪೆಟ್ಟಿಗೆಯೊಂದನ್ನು ಒಂದು ಕೊರಿಯರ್ ಮೂಲಕ ಪುಣೆಗೆ ಕಳುಹಿಸಿದೆ. ಸೀರೆಯೊಂದಕ್ಕೆ ನಾನು ನೇಕಾರರಿಗೆ ಕೊಟ್ಟದ್ದು 1,600 ರೂಪಾಯಿ, ಮಾರುವ ಬೆಲೆ 2,100. ಹಾಗಾಗಿ ಘೋಷಿತ ಮೌಲ್ಯದ ಜಾಗದಲ್ಲಿ 16,800 ಎಂದು ಬರೆದೆ. ಬಿಲ್ಲಿನಲ್ಲಿ ಸಾಗಣೆ ಶುಲ್ಕ 310 ರೂಪಾಯಿ ಇತ್ತು, ಅದರ ಕೆಳಗೆ ‘ಎಫ್.ಓ.ವಿ.’ ಎಂಬ ಹೆಸರಿನಲ್ಲಿ 34 ರೂಪಾಯಿ ಸೇರಿತ್ತು. ಇದು ಮಾಲಿನ ಮೌಲ್ಯದ ಮೇಲೆ ಶೇಕಡಾ ಲೆಕ್ಕದಲ್ಲಿ ಹಾಕುವ ಶುಲ್ಕ. ವಿಮೆ ಆಗಿದೆಯೇ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗ, “ಅದರಲ್ಲೇ ಬರ್ತದೆ ಅಕ್ಕ” ಎಂದ. ಅವನು ನಂಬಿದ್ದನ್ನೇ ಹೇಳಿದ್ದಾನೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ರಸೀದಿಯಲ್ಲಿ, ನಷ್ಟದ ಹೊಣೆ ಕಳುಹಿಸಿದವರದೇ ಎನ್ನುವ ‘ಓನರ್ಸ್ ರಿಸ್ಕ್’ ಮತ್ತು ಹೊಣೆ ಸಾಗಣೆ ಸಂಸ್ಥೆಯದು ಎನ್ನುವ ‘ಕ್ಯಾರಿಯರ್ಸ್ ರಿಸ್ಕ್’ ಎಂಬ ಎರಡು ಚೌಕಗಳಿದ್ದು, ಗುರುತು ಮೊದಲನೆಯದಕ್ಕೆ ಬಿದ್ದಿತ್ತು. ಅದರ ಕೆಳಗೆ ನನ್ನ ಸಹಿಯೂ ಇತ್ತು.

ಪೆಟ್ಟಿಗೆ ತಲುಪಲೇ ಇಲ್ಲ. 71 ದಿನಗಳ ಪತ್ರ ವ್ಯವಹಾರದ ನಂತರ ನನಗೆ ಸಿಕ್ಕಿದ್ದು 500 ರೂಪಾಯಿ. ಓನರ್ಸ್ ರಿಸ್ಕ್ ಮೇಲೆ ಹೋದ ಯಾವ ಪೆಟ್ಟಿಗೆಗೂ ಸಂಸ್ಥೆಯ ಹೊಣೆ ಅಷ್ಟಕ್ಕೇ ಸೀಮಿತ ಎಂದು ರಸೀದಿಯ ಹಿಂಬದಿಯಲ್ಲಿ ಅಚ್ಚಾಗಿತ್ತು. ನಾನು ಬರೆದ 16,800 ಎಂಬ ಅಂಕಿ ಆ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ಓನರ್ಸ್ ರಿಸ್ಕ್‌ನಲ್ಲಿ ಘೋಷಿತ ಮೌಲ್ಯವು ಶುಲ್ಕ ಲೆಕ್ಕ ಹಾಕುವುದಕ್ಕೆ ಮತ್ತು ಕಾಗದಪತ್ರಕ್ಕೆ ಮಾತ್ರ ಬೇಕಾದ ಅಂಕಿ, ಪರಿಹಾರದ ವಾಗ್ದಾನವಲ್ಲ. ಇಂಥ ಷರತ್ತು ನ್ಯಾಯಾಲಯದಲ್ಲಿ ನಿಲ್ಲಲಾರದು ಎಂದು ಹಲವರು ಧೈರ್ಯ ಹೇಳಿದರು. ಆದರೆ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿಯೇ, ಕಳುಹಿಸಿದವರು ಸಹಿ ಮಾಡಿದ ರಸೀದಿಯಲ್ಲಿದ್ದ 100 ಡಾಲರ್‌ಗಳ ಮಿತಿಯನ್ನು ಎತ್ತಿಹಿಡಿದಿದೆ. ಸಹಿ ಇರುವ ರಸೀದಿ ಹಿಡಿದುಕೊಂಡು ಪೂರ್ಣ ಮೊತ್ತ ಕೇಳುವುದು ಆ ತೀರ್ಪಿನ ನಂತರ ಕಷ್ಟದ ದಾರಿ.

ಎರಡನೆಯ ಕೊರಿಯರ್ ಸಂಸ್ಥೆಯಲ್ಲಿ ಹೇಳಿ, ಕ್ಯಾರಿಯರ್ಸ್ ರಿಸ್ಕ್‌ಗೇ ಗುರುತು ಹಾಕಿಸಿದೆ. ಹತ್ತು ಸೀರೆಗಳು, ಕೊಂಡ ಬೆಲೆ ತಲಾ 1,700, ಮಾರುವ ಬೆಲೆ 2,200. 22,000 ರೂಪಾಯಿ ಘೋಷಿಸಿದ್ದಕ್ಕೆ ಶೇಕಡಾ 2ರಂತೆ 440, ಜಿ.ಎಸ್.ಟಿ. ಸೇರಿ 519 ರೂಪಾಯಿ ಹೆಚ್ಚುವರಿ ಶುಲ್ಕವಾಯಿತು. ಹಿಂದಿನ 34 ರೂಪಾಯಿಗೆ ಹೋಲಿಸಿದರೆ ಇದು ಭಾರವೇ. ಈ ಪೆಟ್ಟಿಗೆ ಬೆಂಗಳೂರಿನ ಅಂಗಡಿಗೆ ತಲುಪಿತು, ಆದರೆ ಅಂಟುಪಟ್ಟಿ ಬದಲಾಗಿತ್ತು. ಅಂಗಡಿಯವರು ಸಹಿ ಹಾಕುವ ಮೊದಲು ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟರು. ಉಡುಪಿಯಲ್ಲಿ ಬುಕ್ ಮಾಡುವಾಗ 5.4 ಕಿಲೋ ಇದ್ದದ್ದು ಅಲ್ಲಿ 3.9 ಕಿಲೋ ತೂಗಿತು. ಅದನ್ನು ಅವರು ಡೆಲಿವರಿ ಹಾಳೆಯ ಮೇಲೆಯೇ ಬರೆದು, ಆನಂತರ ಸಹಿ ಹಾಕಿದರು. ಒಳಗೆ ಏಳೇ ಸೀರೆಗಳಿದ್ದವು. ಒಂದು ಸೀರೆ ಸುಮಾರು ಅರ್ಧ ಕಿಲೋ ತೂಗುವುದರಿಂದ, ಕಡಿಮೆಯಾದ ಒಂದೂವರೆ ಕಿಲೋ ಮೂರು ಸೀರೆಗಳಿಗೆ ಸರಿಯಾಗಿ ಹೊಂದಿಕೊಂಡಿತು.

ಆ ಒಂದು ಸಾಲಿನ ಬರಹವಿಲ್ಲದಿದ್ದರೆ ಕೇಳಿಕೆ ಅಲ್ಲಿಗೇ ಮುಗಿಯುತ್ತಿತ್ತು. ಏನೂ ಬರೆಯದೆ ಸಹಿ ಹಾಕಿದರೆ ಮಾಲು ಸುಸ್ಥಿತಿಯಲ್ಲಿ ತಲುಪಿದೆ ಎಂದೇ ಅರ್ಥವಾಗುತ್ತದೆ. ಆನಂತರ ಎಷ್ಟೇ ಫೋಟೋ ಕಳುಹಿಸಿದರೂ, ಪೆಟ್ಟಿಗೆ ನಿಮ್ಮ ಕೈಯಲ್ಲಿದ್ದಾಗ ಏನಾಯಿತೋ ಎಂಬ ಪ್ರಶ್ನೆ ಎದುರಾಗುತ್ತದೆ. ನಮ್ಮ ಕೇಳಿಕೆ ಅಂಗೀಕಾರವಾಯಿತು. ಆದರೆ ನಾನು ನಿರೀಕ್ಷಿಸಿದ್ದು 6,600, ಬಂದದ್ದು 5,100. ಘೋಷಿತ ಮೌಲ್ಯ ಮತ್ತು ಖರೀದಿ ಬಿಲ್ಲಿನ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುವುದು ಅವರ ಷರತ್ತು. ಅವರು ನೇಕಾರರು ಕೊಟ್ಟ ಬಿಲ್ಲನ್ನು ತರಿಸಿಕೊಂಡು ತಲಾ 1,700ರಂತೆ ಲೆಕ್ಕ ಹಾಕಿದರು. ಲಾಭದ ಭಾಗಕ್ಕೂ ಶೇಕಡಾ 2 ಕಟ್ಟಿದ್ದೆ, ಆ ಭಾಗ ಹಿಂದಿರುಗಲಿಲ್ಲ. ಆದುದರಿಂದ ಕ್ಯಾರಿಯರ್ಸ್ ರಿಸ್ಕ್‌ನಲ್ಲಿ ಘೋಷಿತ ಮೌಲ್ಯವು ಪರಿಹಾರದ ಮೇಲ್ಮಿತಿ. ಅದರೊಳಗೆ ಎಷ್ಟು ಸಿಗುತ್ತದೆ ಎಂಬುದನ್ನು ಬಿಲ್ಲು ನಿರ್ಧರಿಸುತ್ತದೆ. ಹೆಚ್ಚು ಘೋಷಿಸಿ ಹೆಚ್ಚು ಪಡೆಯಲು ಸಾಧ್ಯವಿಲ್ಲ, ಕಡಿಮೆ ಘೋಷಿಸಿ ಪೂರ್ತಿ ಪಡೆಯಲೂ ಸಾಧ್ಯವಿಲ್ಲ.

ಅಂಚೆಯ ವಿಷಯದಲ್ಲಿ ನನಗೆ ನಷ್ಟದ ಅನುಭವವಾಗಿಲ್ಲ, ಆದ್ದರಿಂದ ನಿಯಮವನ್ನಷ್ಟೇ ಹೋಲಿಸಬಲ್ಲೆ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದರೆ, ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಪರಿಹಾರ ಎಂಬುದು ಬಹುಕಾಲದಿಂದ ನಡೆದುಬಂದ ನಿಯಮ. 180 ರೂಪಾಯಿ ಕಟ್ಟಿದ್ದರೆ 360 ರೂಪಾಯಿ. ಒಳಗಿದ್ದದ್ದು ಹಳೆಯ ಪತ್ರಿಕೆಯೋ ಹತ್ತು ಸೀರೆಯೋ ಎಂಬುದು ಈ ಲೆಕ್ಕಕ್ಕೆ ಸಂಬಂಧಪಡುವುದಿಲ್ಲ. ವಿಮೆ ಮಾಡಿಸಿದಾಗ ಮಾತ್ರ ಒಳಗಿನ ವಸ್ತುವಿನ ಬೆಲೆ ಲೆಕ್ಕಕ್ಕೆ ಬರುತ್ತದೆ, ಅಲ್ಲಿಯೂ ವಸ್ತುವಿನ ನಿಜವಾದ ಬೆಲೆಯನ್ನು ಮೀರಿ ಸಿಗುವುದಿಲ್ಲ. ನಾನು ಎರಡು ಬಾರಿ ವಿಮೆ ಮಾಡಿಸಿ ಕಳುಹಿಸಿದ್ದೇನೆ. ವಿಮೆಯ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಹೊಲಿಗೆಯ ಮೇಲೆ ಒಂದೇ ಗುರುತಿನ ಅರಗಿನ ಮುದ್ರೆಗಳನ್ನು ಒತ್ತಿ ಕೊಟ್ಟೆ. ಇದಕ್ಕೆ ಅರ್ಧ ದಿನ ಹಿಡಿಯಿತು, ಆದರೆ ಆ ಮುದ್ರೆಗಳ ಪ್ರಯೋಜನ ನನಗೆ ಕೂಡಲೇ ಅರ್ಥವಾಯಿತು. ಬೆಂಗಳೂರಿನ ಪೆಟ್ಟಿಗೆಯಲ್ಲಿ ತಕ್ಕಡಿ ಹೇಳಿದ್ದನ್ನೇ ಇಲ್ಲಿ ಒಡೆದ ಮುದ್ರೆ ಹೇಳುತ್ತದೆ. ಎರಡೂ ಪಾರ್ಸೆಲ್‌ಗಳು ಸುರಕ್ಷಿತವಾಗಿ ತಲುಪಿದವು.

ಲಾರಿ ಪಾರ್ಸೆಲ್‌ನ ನಿಯಮವೂ ಇದೇ ಜಾತಿಯದು. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಯ ದರ ಕಟ್ಟಲು ಒಪ್ಪದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ. 150 ರೂಪಾಯಿ ಬಾಡಿಗೆಯ ಪೆಟ್ಟಿಗೆಗೆ 1,500 ರೂಪಾಯಿ. ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಮೊಕದ್ದಮೆ ಹೂಡುವ ಹಕ್ಕೂ ಉಳಿಯುವುದಿಲ್ಲ.

ಇಷ್ಟಾದ ಮೇಲೆ ಒಂದು ವರ್ಷದ ಮಟ್ಟಿಗೆ ವಿಮಾ ಕಂಪನಿಯಿಂದ ಸರಕು ಸಾಗಣೆಯ ಓಪನ್ ಪಾಲಿಸಿಯನ್ನು ತೆಗೆದುಕೊಂಡೆ. ಇದು ಮೇಲಿನ ಎಲ್ಲಕ್ಕಿಂತ ಬೇರೆಯಾದ ಕರಾರು. ಹಣ ಕೊಡುವವರು ಸಾಗಣೆದಾರರಲ್ಲ, ವಿಮಾ ಕಂಪನಿಯವರು. ಪ್ರತಿಯೊಂದು ರವಾನೆಯನ್ನೂ ನಾನು ಅವರಿಗೆ ಘೋಷಿಸಬೇಕು. ಇನ್‌ವಾಯ್ಸ್ ಮೌಲ್ಯದ ಮೇಲೆ ಶೇಕಡಾ 10 ಸೇರಿಸಿ ವಿಮೆ ಮಾಡಿಸುವುದಕ್ಕೆ ನನ್ನ ಪಾಲಿಸಿಯಲ್ಲಿ ಅವಕಾಶವಿತ್ತು. ಹೀಗಾಗಿ ಕೊರಿಯರಿನವರು ಕೊಡದ ಲಾಭದ ಭಾಗವೂ ಇದರೊಳಗೆ ಬರುತ್ತದೆ.

ಜುಲೈ ತಿಂಗಳಲ್ಲಿ ಲಾರಿಯಲ್ಲಿ ಬೆಂಗಳೂರಿಗೆ ಹೋದ ಹನ್ನೆರಡು ಸೀರೆಗಳ ಪೆಟ್ಟಿಗೆಗೆ ಘಾಟಿಯ ಮಳೆಯಲ್ಲಿ ನೀರು ಹೊಕ್ಕು, ನಾಲ್ಕು ಸೀರೆಗಳ ಬಣ್ಣ ಒಂದಕ್ಕೊಂದು ಇಳಿಯಿತು. ಇನ್‌ವಾಯ್ಸ್ ತಲಾ 2,200 ಇದ್ದುದರಿಂದ ನಾಲ್ಕಕ್ಕೆ 8,800, ಶೇಕಡಾ 10 ಸೇರಿ 9,680. ಸರ್ವೇಯರ್ ಬಂದು ನೋಡಿ, ಕಲೆಯಾದ ಸೀರೆಗಳನ್ನು ತಲಾ 700ಕ್ಕೆ ಮಾರಬಹುದೆಂದು ಅಂದಾಜಿಸಿ 2,800 ಕಳೆದರು. ಪಾಲಿಸಿಯ ಪ್ರಕಾರ ಮೊದಲ 1,000 ರೂಪಾಯಿ ನಷ್ಟ ನನ್ನದೇ. ಕೊನೆಗೆ ಕೈಗೆ ಬಂದದ್ದು 5,880. ಸೀರೆಗಳು ನನ್ನಲ್ಲಿಯೇ ಉಳಿದವು. ಪ್ರೀಮಿಯಂ ಉಳಿಸಲೆಂದು ಆ ಪೆಟ್ಟಿಗೆಯ ಮೌಲ್ಯವನ್ನು ಅರ್ಧಕ್ಕೆ ಘೋಷಿಸಿದ್ದರೆ, ಮಿಕ್ಕ ಅರ್ಧಕ್ಕೆ ನಾನೇ ವಿಮೆಗಾರಳು ಎಂದು ಲೆಕ್ಕವಾಗಿ, ಈ ಭಾಗಶಃ ನಷ್ಟಕ್ಕೂ ಅರ್ಧ ಮೊತ್ತವೇ ಬರುತ್ತಿತ್ತು. ಹಾಳಾದದ್ದು ನಾಲ್ಕೇ ಸೀರೆ, ಘೋಷಿಸಿದ ಅರ್ಧದೊಳಗೆ ಅದು ಬರುತ್ತದೆಯಲ್ಲ ಎಂಬ ವಾದ ನಡೆಯುವುದಿಲ್ಲ.

ಪಾಲಿಸಿ ಇದ್ದವರು ಎಚ್ಚರದಿಂದಿರಬೇಕಾದ ಜಾಗವೊಂದಿದೆ. ಪರಿಹಾರ ಕೊಟ್ಟ ಮೇಲೆ ಸಾಗಣೆದಾರರಿಂದ ವಸೂಲು ಮಾಡುವ ನಮ್ಮ ಹಕ್ಕು ವಿಮಾ ಕಂಪನಿಗೆ ಹೋಗುತ್ತದೆ. ಆದ್ದರಿಂದ ಅವರು ಸಾಗಣೆದಾರರಿಗೆ ನಾವು ಕೊಟ್ಟ ನೋಟಿಸಿನ ಪ್ರತಿಯನ್ನು ಕೇಳುತ್ತಾರೆ, ಜೊತೆಗೆ ಮಾಲು ಹಾನಿಯಾಗಿದೆ ಅಥವಾ ತಲುಪಿಲ್ಲ ಎಂದು ಸಾಗಣೆದಾರರು ಬರೆದುಕೊಡುವ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಲಾರಿ ಆಫೀಸಿನವರು 1,500 ರೂಪಾಯಿ ಮುಂದಿಟ್ಟು, ಇದು ಪೂರ್ಣ ಮತ್ತು ಅಂತಿಮ ಎಂದು ಸಹಿ ಕೇಳಿದಾಗ ನಾನು ನಿರಾಕರಿಸಿದೆ. ಸಹಿ ಹಾಕಿದ್ದರೆ ವಿಮಾ ಕಂಪನಿಯ ವಸೂಲಿ ಹಕ್ಕನ್ನು ನಾನೇ ಬಿಟ್ಟುಕೊಟ್ಟಂತಾಗಿ, 5,880 ರೂಪಾಯಿಯ ಕೇಳಿಕೆಗೆ ಅಪಾಯವಾಗುತ್ತಿತ್ತು. ಜಿ.ಎಸ್.ಟಿ. ನೋಂದಣಿ ಇರುವವರು ಇನ್ನೊಂದನ್ನು ನೆನಪಿಡಬೇಕು: ಕಳೆದುಹೋದ ಮಾಲಿನ ಮೇಲೆ ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುವುದರಿಂದ ಆ ತೆರಿಗೆಯೂ ನಷ್ಟದ ಭಾಗವೇ. ವಿಮೆಯ ಮೊತ್ತ ನಿಗದಿಪಡಿಸುವಾಗಲೇ ಅದನ್ನು ಸೇರಿಸಿಕೊಳ್ಳುವುದು ಒಳ್ಳೆಯದು.

ನನ್ನ ಆಯ್ಕೆಯನ್ನು ಹೇಳುವುದಾದರೆ, ಒಂದೆರಡು ಸೀರೆಗಳನ್ನು ವಿಮೆಯಿಲ್ಲದ ಸ್ಪೀಡ್ ಪೋಸ್ಟಿನಲ್ಲಿಯೇ ಕಳುಹಿಸುತ್ತೇನೆ, ಅಷ್ಟು ನಷ್ಟವನ್ನು ತಡೆದುಕೊಳ್ಳಬಲ್ಲೆ. ಐದರಿಂದ ಹದಿನೈದು ಸೀರೆಗಳಿಗೆ ಕ್ಯಾರಿಯರ್ಸ್ ರಿಸ್ಕ್, ಆದರೆ ಈಗ ಖರೀದಿ ಬಿಲ್ಲಿನ ಬೆಲೆಯನ್ನಷ್ಟೇ ಘೋಷಿಸುತ್ತೇನೆ. ಓಪನ್ ಪಾಲಿಸಿ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಂಡಿತು, ಆದರೆ ಅದರ ಕನಿಷ್ಠ ಪ್ರೀಮಿಯಂ ವರ್ಷಕ್ಕೆ ನಾಲ್ಕಾರು ದೊಡ್ಡ ರವಾನೆ ಇರುವವರಿಗೆ ಮಾತ್ರ ಗಿಟ್ಟುತ್ತದೆ. ಹೆಸರಿಗೆ ಶುಲ್ಕ ಕಟ್ಟಿಸಿಕೊಂಡು ಹೊಣೆಯನ್ನು ಕಳುಹಿಸುವವರ ಮೇಲೆಯೇ ಬಿಡುವ ಓನರ್ಸ್ ರಿಸ್ಕ್‌ನ ದಾರಿಯನ್ನು ಮಾತ್ರ ಬೆಲೆಬಾಳುವ ಯಾವ ಪೆಟ್ಟಿಗೆಗೂ ಬಳಸುತ್ತಿಲ್ಲ. ಕೌಂಟರಿನಲ್ಲಿ ಈಗ ವಿಮೆ ಇದೆಯೇ ಎಂದು ಕೇಳುವುದನ್ನು ಬಿಟ್ಟು, ಈ ಪೆಟ್ಟಿಗೆ ಕಳೆದರೆ ಎಷ್ಟು ಕೊಡುತ್ತೀರಿ, ಅದು ಈ ರಸೀದಿಯ ಯಾವ ಸಾಲಿನಲ್ಲಿದೆ ಎಂದು ಕೇಳುತ್ತೇನೆ. ಆ ಸಾಲನ್ನು ಓದಿ, ತಕ್ಕಡಿಯ ಅಂಕಿಯ ಫೋಟೋ ತೆಗೆದುಕೊಂಡ ಮೇಲೆ ಸಹಿ ಹಾಕುತ್ತೇನೆ.